ಸುಟ್ಟ ಮೋಟರು, ಎರಡು ಸಹಿ: ಒಂದು ಗ್ರಾಮ ಪಂಚಾಯಿತಿಯ ಪ್ರಕರಣ

ಅಧ್ಯಕ್ಷರ ಮೇಜಿನ ಮೇಲೆ ಒಂದು ಬಿಲ್ಲು ಇತ್ತು. ಕೊಳವೆಬಾವಿಯ 7.5 ಎಚ್‌ಪಿ ಮೋಟರ್ ಸುಟ್ಟಿದೆ, ರೀವೈಂಡಿಂಗ್ ಆಗಿದೆ, ಎತ್ತಿ ಇಳಿಸಿದ ಕೂಲಿ ಸೇರಿ 15,000 ರೂಪಾಯಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಪಕ್ಕದಲ್ಲಿ ನಿಂತಿದ್ದರು. "ನೀರಿನ ವಿಷಯ ಮೇಡಂ, ತಡ ಮಾಡೋ ಹಾಗಿಲ್ಲ" ಅಂದರು.

ಅಧ್ಯಕ್ಷರು ಆಯ್ಕೆಯಾಗಿ ಎರಡು ತಿಂಗಳಾಗಿತ್ತು, ಅಷ್ಟೇ. ಮೀಸಲಾತಿಯಲ್ಲಿ ಬಂದ ಕುರ್ಚಿ, 30 ತಿಂಗಳ ಅವಧಿ. ಮೋಟರ್ ನಿಜವಾಗಿ ಸುಟ್ಟಿತ್ತಾ? ಗೊತ್ತಿಲ್ಲ. ಸುಟ್ಟಿದ್ದರೆ ಯಾಕೆ? ಗೊತ್ತಿಲ್ಲ. 15,000 ಜಾಸ್ತಿಯಾಯಿತಾ, ಸರಿ ಇದೆಯಾ? ಅದೂ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ. ಸಹಿ ಹಾಕದೆ ಇದ್ದರೆ ನಾಳೆ ಬೆಳಗ್ಗೆ ಖಾಲಿ ಕೊಡ ಹಿಡಿದ ಹೆಂಗಸರು ನಿಲ್ಲುವುದು ಪಿಡಿಒ ಮನೆ ಮುಂದೆ ಅಲ್ಲ, ಅವರ ಮನೆ ಮುಂದೆ. ಸಹಿ ಬಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಯಾವುದೋ ಒಂದು ಪಂಚಾಯಿತಿಯನ್ನು ಬೆರಳು ಮಾಡಿ ತೋರಿಸುವ ಬರಹವಲ್ಲ. ಬಯಲುಸೀಮೆಯ ಎಷ್ಟೋ ಪಂಚಾಯಿತಿಗಳಲ್ಲಿ ನಡೆಯುವುದನ್ನು ಒಂದೇ ಊರಿನಲ್ಲಿ ಕೂರಿಸಿ ಹೇಳುತ್ತಿದ್ದೇನೆ. ಮೊತ್ತಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ದುಂಡಗೆ ಇಟ್ಟುಕೊಂಡಿದ್ದೇನೆ. ಕಾನೂನು, ಕಚೇರಿಯ ಕ್ರಮ, ಮೋಟರಿನ ಸಂಗತಿ ಮಾತ್ರ ಇದ್ದ ಹಾಗೇ ಇವೆ.

ಅರ್ಥಶಾಸ್ತ್ರದವರು ಈ ಮೇಜಿನ ಮೇಲಿದ್ದ ತೊಡಕಿಗೆ ಪ್ರಿನ್ಸಿಪಲ್-ಏಜೆಂಟ್ ಸಮಸ್ಯೆ ಅನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಮನೆಮಾತಿನದು. ಕೆಲಸ ಒಪ್ಪಿಸುವವರು ಒಬ್ಬರು, ಮಾಡುವವರು ಇನ್ನೊಬ್ಬರು. ಮಾಡುವವರಿಗೆ ಗೊತ್ತಿರುವುದೆಲ್ಲ ಒಪ್ಪಿಸಿದವರಿಗೆ ಗೊತ್ತಿರುವುದಿಲ್ಲ. ಇಬ್ಬರ ಲಾಭ ನಷ್ಟವೂ ಒಂದೇ ಅಲ್ಲ. ಕಚೇರಿಯ ಜೀಪಿನ ಡ್ರೈವರನ್ನು ನೋಡಿ. ಸಾಹೇಬರಿಗೆ ಕಾಣುವುದು ಡೀಸೆಲ್ ಬಿಲ್ಲು ಮತ್ತು ಲಾಗ್ ಪುಸ್ತಕ. ಲಾಗ್ ಪುಸ್ತಕ ಬರೆಯುವವನೂ ಡ್ರೈವರೇ. ಗಾಡಿ ನಿಜವಾಗಿ ಎಲ್ಲಿ ಹೋಗಿತ್ತು ಅನ್ನುವುದು ಅವನಿಗೆ ಮತ್ತು ರಸ್ತೆಗೆ ಗೊತ್ತು. ಡ್ರೈವರ್ ಕಳ್ಳನಾಗಿರಲೇಬೇಕು ಅಂತಿಲ್ಲ. ಅವನು ಪ್ರಾಮಾಣಿಕನೇ ಇರಬಹುದು. ಆದರೆ ಪ್ರಾಮಾಣಿಕನೋ ಅಲ್ಲವೋ ಅಂತ ಆ ಪುಸ್ತಕ ನೋಡಿ ಹೇಳಲಾಗುವುದಿಲ್ಲ. ತೊಡಕು ಇರುವುದು ಅಲ್ಲೇ.

ಯಾರು ಯಾರ ಕೈಕೆಳಗೆ

ಪಂಚಾಯಿತಿಯಲ್ಲಿ ಅಧ್ಯಕ್ಷರು ಒಪ್ಪಿಸುವವರು, ಪಿಡಿಒ ಮಾಡುವವರು. ಕಾಗದದ ಮೇಲೆ ಹೀಗೆ. ಸಭೆ ನಡೆಸುವುದು, ಠರಾವು ಮಾಡುವುದು ಚುನಾಯಿತರ ಕೆಲಸ. ಆ ಠರಾವನ್ನು ಜಾರಿಗೆ ತರುವುದು ಪಿಡಿಒ ಕೆಲಸ. ಹಣ ಹೊರಗೆ ಹೋಗಬೇಕಾದರೆ ಇಬ್ಬರ ಒಪ್ಪಿಗೆಯೂ ಬೇಕು. ಮೊದಲು ಚೆಕ್ಕಿನ ಮೇಲೆ ಎರಡು ಸಹಿ ಇರುತ್ತಿದ್ದವು. ಈಗ ಹಣಕಾಸು ಆಯೋಗದ ಅನುದಾನಕ್ಕೆ ಡಿಜಿಟಲ್ ಸಹಿ, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ಡಾಂಗಲ್. ಪಾವತಿಯನ್ನು ಒಬ್ಬರು ತಯಾರು ಮಾಡಿ ಕಳಿಸುತ್ತಾರೆ, ಇನ್ನೊಬ್ಬರು ನೋಡಿ ಒಪ್ಪುತ್ತಾರೆ.

ಎರಡು ಸಹಿ ಯಾಕೆ ಇಟ್ಟರು? ಒಬ್ಬರು ತಪ್ಪಿದರೆ ಇನ್ನೊಬ್ಬರು ಹಿಡಿಯಲಿ ಅಂತ. ಈ ಊರಿನಲ್ಲಿ ಎರಡೂ ಡಾಂಗಲ್ ಡಾಟಾ ಎಂಟ್ರಿ ಆಪರೇಟರ್ ಮೇಜಿನ ಒಂದೇ ಡ್ರಾಯರ್‌ನಲ್ಲಿ ಇದ್ದವು. ಪಾಸ್‌ವರ್ಡ್ ಕ್ಯಾಲೆಂಡರಿನ ಹಿಂದೆ ಬರೆದಿತ್ತು. ಕಾನೂನಿನಲ್ಲಿ ಎರಡು ಬೀಗ, ನಿಜದಲ್ಲಿ ಒಂದೇ ಬೀಗದ ಕೈ. ಯಾರೂ ಕೆಟ್ಟ ಉದ್ದೇಶದಿಂದ ಇಟ್ಟಿದ್ದಲ್ಲ. ಅಧ್ಯಕ್ಷರಿಗೆ ಕಂಪ್ಯೂಟರ್ ಬರುತ್ತಿರಲಿಲ್ಲ, ದಿನಾ ಕಚೇರಿಗೆ ಬರಲೂ ಆಗುತ್ತಿರಲಿಲ್ಲ. "ಸುಮ್ನೆ ನಿಮಗೆ ಯಾಕೆ ತೊಂದರೆ ಮೇಡಂ" ಅಂತ ಶುರುವಾಯಿತು.

ಇನ್ನೊಂದು ಕಡೆ ನೋಡಿ. ಪಿಡಿಒ ಸಂಬಳ ರಾಜ್ಯ ಸರ್ಕಾರದ್ದು. ರಜೆ, ನೋಟಿಸು ತಾಲ್ಲೂಕಿನ ಕಾರ್ಯನಿರ್ವಾಹಕ ಅಧಿಕಾರಿಯ ಕಡೆಯಿಂದ. ಶಿಸ್ತುಕ್ರಮ ಜಿಲ್ಲಾ ಪಂಚಾಯಿತಿಯ ಸಿಇಒ ಕಡೆಯಿಂದ. ಅಧ್ಯಕ್ಷರು ಅವರನ್ನು ವರ್ಗ ಮಾಡಲಾರರು, ಅಮಾನತು ಮಾಡಲಾರರು. ದೂರು ಬರೆದು ಕಳಿಸಬಹುದು, ಅಷ್ಟೆ. ಹಾಗಾದರೆ ಪಿಡಿಒಗೆ ಒಪ್ಪಿಸುವವರು ಒಬ್ಬರಲ್ಲ, ಕನಿಷ್ಠ ಇಬ್ಬರು. ಮೇಲಿನವರು ವಾರ ವಾರ ಮೀಟಿಂಗ್ ಕರೆಯುತ್ತಾರೆ. ತೆರಿಗೆ ವಸೂಲಿ ಎಷ್ಟಾಯಿತು, ನರೇಗಾ ಮಾನವ ದಿನ ಎಷ್ಟು, ಆ್ಯಪ್‌ನಲ್ಲಿ ಫೋಟೊ ಹಾಕಿದಿರಾ? ಈ ಪ್ರಶ್ನೆಗಳಿಗೆ ಉತ್ತರ ಕೊಡದೆ ಇದ್ದರೆ ನೋಟಿಸು ಬರುತ್ತದೆ. ಕೆಳಗಿನವರು ಕೇಳುವುದು ನೀರು, ಬೀದಿದೀಪ, ಚರಂಡಿ. ಅದಕ್ಕೆ ಉತ್ತರ ಕೊಡದೆ ಇದ್ದರೆ ಬೈಗುಳ ಬರುತ್ತದೆ. ನೋಟಿಸಿಗೂ ಬೈಗುಳಕ್ಕೂ ಇರುವ ತೂಕ ಬೇರೆ ಬೇರೆ. ಯಾವ ನೌಕರನಾದರೂ ಮೊದಲು ನೋಟಿಸಿನ ಕಡೆಗೇ ತಿರುಗುತ್ತಾನೆ.

ಇದು ಯಾವಾಗಲೂ ಹೀಗೇ ಇರಲಿಲ್ಲ ಅನ್ನುವುದು ಹೊಸ ಸದಸ್ಯರಿಗೆ ಗೊತ್ತಿರುವುದಿಲ್ಲ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ಬಂದ 1983ರ ಕಾಯ್ದೆಯಲ್ಲಿ ಜಿಲ್ಲಾ ಪರಿಷತ್ತಿನ ಕಾರ್ಯಾಂಗದ ಮುಖ್ಯಸ್ಥರು ಚುನಾಯಿತ ಅಧ್ಯಕ್ಷರೇ. ಐಎಎಸ್ ಅಧಿಕಾರಿ ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಕೆಲಸ ಮಾಡಬೇಕಿತ್ತು. 1993ರ ಕಾಯ್ದೆ ಬಂದ ಮೇಲೆ ಜಿಲ್ಲೆಯಲ್ಲಿ ಕಾರ್ಯಾಂಗದ ಅಧಿಕಾರ ಸಿಇಒ ಕೈಗೆ ಬಂತು. ಅದು ಜಿಲ್ಲೆಯ ಮಾತು, ನಮ್ಮ ಪ್ರಕರಣ ಹಳ್ಳಿಯದು. ಆದರೆ ಹಗ್ಗದ ತುದಿ ಯಾರ ಕೈಯಲ್ಲಿದೆ ಅನ್ನುವುದು ಕಾಯ್ದೆ ಬರೆಯುವಾಗ ಆಗುವ ತೀರ್ಮಾನ, ಯಾರೋ ಒಬ್ಬರ ಸ್ವಭಾವದಿಂದ ಆಗುವುದಲ್ಲ ಅಂತ ತೋರಿಸಲು ಹೇಳಿದೆ.

ಬಿಲ್ಲುಗಳನ್ನು ಹರಡಿ ಕೂತಾಗ

ಅಧ್ಯಕ್ಷರ ಮಗಳು ಬಿ.ಕಾಂ. ಓದುತ್ತಿದ್ದಳು. ರಜೆಯಲ್ಲಿ ಬಂದವಳು ಹಿಂದಿನ ವರ್ಷದ ವೋಚರ್ ಕಟ್ಟನ್ನು ನೋಡಿ ಒಂದು ಕೆಲಸ ಮಾಡಿದಳು. ಬಿಲ್ಲುಗಳು ದಿನಾಂಕದ ಪ್ರಕಾರ ಇದ್ದವು. ಅವನ್ನು ಕೊಳವೆಬಾವಿಯ ಪ್ರಕಾರ ಜೋಡಿಸಿದಳು. ಅಷ್ಟೇ ಅವಳು ಮಾಡಿದ್ದು. ಆದರೆ ಕಾಣಿಸಿದ್ದು ಬೇರೆಯೇ.

ಪಂಚಾಯಿತಿಗೆ ಇದ್ದದ್ದು 9 ಮೋಟರ್. ವರ್ಷಕ್ಕೆ ಬಂದ ರೀವೈಂಡಿಂಗ್ ಬಿಲ್ಲು 23. ತಲಾ 15,000 ಅಂದರೆ 3.45 ಲಕ್ಷ ರೂಪಾಯಿ. ಆ 23ರಲ್ಲಿ 14 ಬಿಲ್ಲು ಮೂರೇ ಮೋಟರಿನವು. ಒಂದು ಮೋಟರು 11 ದಿನದ ಅಂತರದಲ್ಲಿ ಎರಡು ಸಲ ಸುಟ್ಟಿತ್ತು. ದಿನಾಂಕದ ಪ್ರಕಾರ ಒಂದೊಂದೇ ಬಿಲ್ಲು ಸಹಿಗೆ ಬಂದಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಬ್ಬರೂ ನೋಡಿದ್ದು ಅದೇ ಕಾಗದ. ಪಿಡಿಒಗೆ ಹಿಂದಿನ ಬಿಲ್ಲು ನೆನಪಿತ್ತು, ಅಧ್ಯಕ್ಷರಿಗೆ ಇರಲಿಲ್ಲ.

ಈಗ ಮೋಟರಿನ ಸಂಗತಿ. ಒಂದು ಸಬ್‌ಮರ್ಸಿಬಲ್ ಸುಮ್ನೆ ಸುಡುವುದಿಲ್ಲ. ಸಾಮಾನ್ಯವಾಗಿ ಮೂರು ಕಾರಣ. ಟ್ರಾನ್ಸ್‌ಫಾರ್ಮರಿನಿಂದ ದೂರದ ಲೈನಿನಲ್ಲಿ ವೋಲ್ಟೇಜ್ ಡಿಮ್ ಆಗುತ್ತದೆ. ವೋಲ್ಟೇಜ್ ಇಳಿದಾಗ ಮೋಟರ್ ಅದೇ ನೀರು ಎತ್ತಲು ಜಾಸ್ತಿ ಆಂಪ್ ಎಳೆಯುತ್ತದೆ, ವೈಂಡಿಂಗ್ ಕಾಯುತ್ತದೆ. ಎರಡನೆಯದು, ಮೂರು ಫೇಸಿನಲ್ಲಿ ಒಂದು ಹೋಗಿ ಎರಡರಲ್ಲೇ ಓಡುವುದು. ಮೂರನೆಯದು, ಬಾವಿಯಲ್ಲಿ ನೀರು ಕೆಳಗಿಳಿದು ಮೋಟರ್ ಒಣಗಿ ಓಡುವುದು. ಮೂರಕ್ಕೂ ಪ್ಯಾನೆಲ್ ಬೋರ್ಡಿನಲ್ಲಿ ರಕ್ಷಣೆ ಇದೆ. ಸಿಂಗಲ್ ಫೇಸ್ ಪ್ರಿವೆಂಟರ್, ಓವರ್‌ಲೋಡ್ ರಿಲೇ, ಒಣ ಓಟ ತಡೆಯುವ ಸಾಧನ. ಈ ಮೂರು ಮೋಟರಿನ ಪ್ಯಾನೆಲ್ ತೆಗೆದು ನೋಡಿದಾಗ ರಿಲೇಗೆ ವೈರ್ ತುಂಡು ಕಟ್ಟಿ ನೇರ ಮಾಡಿದ್ದರು. ರಿಲೇ ಮತ್ತೆ ಮತ್ತೆ ಟ್ರಿಪ್ ಆಗುತ್ತಿತ್ತು, ಜನ ಬೈಯುತ್ತಿದ್ದರು, ನೀರುಗಂಟಿ ಆ ಬೈಗುಳ ತಾಳಲಾರದೆ ಹಾಗೆ ಮಾಡಿದ್ದ. ಅವನ ಕಡೆಯಿಂದ ನೋಡಿದರೆ ಅವನದು ತಪ್ಪಲ್ಲ. ಟ್ರಿಪ್ ಆದರೆ ಬೈಗುಳ ಅವನಿಗೆ. ಸುಟ್ಟರೆ ಖರ್ಚು ಪಂಚಾಯಿತಿಗೆ.

ಪಿಡಿಒ ಕಡೆಯಿಂದಲೂ ನೋಡಿ. ನಲ್ಲಿ ಒಣಗಿದರೆ ತಾಲ್ಲೂಕಿನಿಂದ ಫೋನು ಬರುತ್ತದೆ. ರೀವೈಂಡಿಂಗ್ ಖರ್ಚು ಹೆಚ್ಚಾದರೆ ಯಾರೂ ಫೋನು ಮಾಡುವುದಿಲ್ಲ. ಆಡಿಟ್ ಬಂದಾಗ ಬಿಲ್ಲಿದೆಯಾ, ಠರಾವಿದೆಯಾ ನೋಡುತ್ತಾರೆ. ಎರಡೂ ಇದ್ದವು. ಹೀಗಿರುವಾಗ ಬೇಗ ಬಂದು ಬೇಗ ಮೋಟರ್ ಇಳಿಸುವ ಮೆಕ್ಯಾನಿಕ್ ಅವರಿಗೆ ಒಳ್ಳೆಯ ಮೆಕ್ಯಾನಿಕ್. ಅವನು ಒಂದೂವರೆ ಪಟ್ಟು ಹಾಕಿದರೂ ಪಿಡಿಒ ಜೇಬಿನಿಂದ ಏನೂ ಹೋಗುವುದಿಲ್ಲ. 23 ಬಿಲ್ಲಿನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಅಂತ ಯಾರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಪಿಡಿಒ ಪಾಲು ಇತ್ತಾ ಅಂತಲೂ. ನನ್ನ ಅಭಿಪ್ರಾಯ ಕೇಳಿದರೆ, ಪಾಲು ಇಲ್ಲದೆಯೂ 23 ಬಿಲ್ಲು ಆಗುವ ಹಾಗೇ ಆ ಕಚೇರಿಯ ಲೆಕ್ಕಾಚಾರ ಇತ್ತು.

ಮೊದಲ ನಿಯಮ, ಮತ್ತು ಅದು ತಿರುಗಿಬಿದ್ದ ರೀತಿ

ಸಭೆಯಲ್ಲಿ ಠರಾವಾಯಿತು. ಇನ್ನು ಮುಂದೆ ರೀವೈಂಡಿಂಗ್ ಬಿಲ್ಲಿಗೆ ಹಣ ಬೇಕಾದರೆ ಹಳೆಯ ಸುಟ್ಟ ತಾಮ್ರದ ತಂತಿ ತೂಕ ಮಾಡಿ ಪಂಚಾಯಿತಿಗೆ ತಂದುಕೊಡಬೇಕು. ಮೋಟರಿನ ಸೀರಿಯಲ್ ನಂಬರ್ ಬಿಲ್ಲಿನ ಮೇಲೆ ಇರಬೇಕು. ಕೆಲಸಕ್ಕೆ ಆರು ತಿಂಗಳು ಗ್ಯಾರಂಟಿ, ಅಷ್ಟರೊಳಗೆ ಸುಟ್ಟರೆ ಕಾರಣ ಬರೆದುಕೊಡಬೇಕು. ಕೆಲಸ ಕೆಟ್ಟದ್ದಾದರೆ ಹಣ ಇಲ್ಲ. ಅಧ್ಯಕ್ಷರು ತಮ್ಮ ಡಾಂಗಲ್ ಮನೆಗೆ ತಗೊಂಡು ಹೋದರು.

ತಾಮ್ರದ ಷರತ್ತು ಚಿಕ್ಕದು ಅನ್ನಿಸಬಹುದು, ಆದರೆ ಅದೇ ಬುದ್ಧಿವಂತಿಕೆಯದು. ಸುಟ್ಟ ತಂತಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆ ಇದೆ. ಬಿಲ್ಲು ಬರೆಯಲು ಒಂದು ಪೆನ್ನು ಸಾಕು. ಸುಡದ ಮೋಟರಿನಿಂದ ಸುಟ್ಟ ತಂತಿ ತರಲು ಮಾತ್ರ ಗುಜರಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು. ಸುಳ್ಳು ಹೇಳುವುದು ಅಸಾಧ್ಯವಾಗಲಿಲ್ಲ, ದುಬಾರಿಯಾಯಿತು. ಕಾಗದದ ಪುರಾವೆಗೂ ವಸ್ತುವಿನ ಪುರಾವೆಗೂ ಇರುವ ವ್ಯತ್ಯಾಸ ಇದು.

ಮುಂದಿನ ವರ್ಷ ರೀವೈಂಡಿಂಗ್ ಬಿಲ್ಲು 23ರಿಂದ 8ಕ್ಕೆ ಇಳಿಯಿತು. 3.45 ಲಕ್ಷ ಇದ್ದದ್ದು 1.20 ಲಕ್ಷವಾಯಿತು. ಅಧ್ಯಕ್ಷರು ಗ್ರಾಮಸಭೆಯಲ್ಲಿ ಹೆಮ್ಮೆಯಿಂದ ಹೇಳಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಎದ್ದು ಕೇಳಿದಳು: "ಅದೆಲ್ಲ ಸರಿ ಕಣವ್ವ, ನಮ್ ಬೀದಿಗೆ ನೀರು ಯಾವಾಗ ಬತ್ತದೆ?"

ಟ್ಯಾಂಕರ್ ಬಿಲ್ಲುಗಳನ್ನು ಯಾರೂ ಜೋಡಿಸಿ ನೋಡಿರಲಿಲ್ಲ. ಹಿಂದಿನ ವರ್ಷ 60 ಲೋಡು, ಈ ವರ್ಷ 310 ಲೋಡು. ಲೋಡಿಗೆ 600 ರೂಪಾಯಿಯಂತೆ 36,000 ಇದ್ದದ್ದು 1.86 ಲಕ್ಷಕ್ಕೆ ಏರಿತ್ತು. ಮೋಟರ್ ನಿಂತರೆ ಪಿಡಿಒ ಈಗ ಎತ್ತಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಎತ್ತಿಸಿದರೆ ತಾಮ್ರ ತೂಕ ಮಾಡಬೇಕು, ಸೀರಿಯಲ್ ನಂಬರ್ ಬರೆಯಬೇಕು, ಅಧ್ಯಕ್ಷರ ಮನೆಗೆ ಹೋಗಿ ಡಾಂಗಲ್ ಒತ್ತಿಸಬೇಕು, ನಾಲ್ಕು ಪ್ರಶ್ನೆಗೆ ಉತ್ತರ ಹೇಳಬೇಕು. ಟ್ಯಾಂಕರಿಗೆ ಒಂದು ಫೋನು ಸಾಕು. ನೀರು ಕೊಟ್ಟ ಹಾಗೂ ಆಯಿತು, ಠರಾವು ಪಾಲಿಸಿದ ಹಾಗೂ ಆಯಿತು.

ಒಟ್ಟು ಲೆಕ್ಕ ಹಾಕಿದರೆ 3.81 ಲಕ್ಷ ಇದ್ದದ್ದು 3.06 ಲಕ್ಷ. 75,000 ಉಳಿಯಿತು, ಆದರೆ ನಲ್ಲಿ ಒಣಗಿತು. ಟ್ಯಾಂಕರ್ ಲೋಡಿಗೆ ತಾಮ್ರದಂಥ ಪುರಾವೆಯೂ ಇಲ್ಲ. 310 ಲೋಡು ಬಂದಿತ್ತಾ, 200 ಬಂದಿತ್ತಾ, ನೀರು ಚೆಲ್ಲಿಹೋದ ಮೇಲೆ ಎಣಿಸುವವರು ಯಾರು?

ಬೆಂಗ್ಟ್ ಹೋಮ್‌ಸ್ಟ್ರಾಮ್ ಮತ್ತು ಪಾಲ್ ಮಿಲ್ಗ್ರಾಮ್ ಎಂಬ ಅರ್ಥಶಾಸ್ತ್ರಜ್ಞರು 1991ರಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದ್ದರು. ಒಬ್ಬ ಮನುಷ್ಯನಿಗೆ ಹಲವು ಕೆಲಸ ಇದ್ದು, ಅದರಲ್ಲಿ ಒಂದನ್ನು ಮಾತ್ರ ಅಳೆದು ಬಹುಮಾನವನ್ನೋ ಶಿಕ್ಷೆಯನ್ನೋ ಕೊಟ್ಟರೆ, ಅವನ ಶ್ರಮ ಆ ಒಂದರ ಕಡೆಗೆ ವಾಲುತ್ತದೆ, ಅಳೆಯದೆ ಬಿಟ್ಟದ್ದು ಸೊರಗುತ್ತದೆ. ಕಚೇರಿಯಲ್ಲಿ ಇದು ದಿನಾ ಕಾಣುವುದೇ. ಹತ್ತು ಗಂಟೆಗೆ ಬೆರಳಚ್ಚು ಹಾಜರಾತಿ ಕಡ್ಡಾಯ ಮಾಡಿ. ಹತ್ತಕ್ಕೆ ಸರಿಯಾಗಿ ಎಲ್ಲರೂ ಬೆರಳು ಒತ್ತುತ್ತಾರೆ. ಹತ್ತೂಕಾಲಿಗೆ ಟೀ ಅಂಗಡಿ ತುಂಬಿರುತ್ತದೆ. ನೀವು ಅಳೆದದ್ದು ಬೆರಳು, ಸಿಕ್ಕಿದ್ದೂ ಬೆರಳೇ. ಬಾಕಿ ಅರ್ಜಿ ಇಷ್ಟು ದಿನದಲ್ಲಿ ಮುಗಿಸಿ ಅಂತ ಗಡುವು ಹಾಕಿ. ಕೊನೆಯ ದಿನ "ದಾಖಲೆ ಅಪೂರ್ಣ" ಅಂತ ಬರೆದು ವಾಪಸು ಕಳಿಸುವುದು ಜಾಸ್ತಿಯಾಗುತ್ತದೆ. ಅರ್ಜಿ ಮುಗಿಯಿತು, ಕೆಲಸ ಆಗಲಿಲ್ಲ.

ಕಾವಲಿನ ಬದಲು ಗಂಟೆ

ಎರಡನೇ ಸಲ ಅಧ್ಯಕ್ಷರು ಪಿಡಿಒ ಜೊತೆ ಜಗಳಕ್ಕೆ ಹೋಗಲಿಲ್ಲ. ಕೂರಿಸಿಕೊಂಡು ಮಾತಾಡಿದರು. ಪಿಡಿಒ ಆಗ ಹೇಳಿದ ಮಾತು ಅಧ್ಯಕ್ಷರಿಗೆ ಹೊಸದು. "ಮೇಡಂ, ಪ್ಯಾನೆಲ್ ಹೊಸದು ಹಾಕಿಸಬೇಕು ಅಂತ ನಾನು ಎರಡು ವರ್ಷದ ಹಿಂದೆಯೇ ಬರೆದಿದ್ದೆ. ಸಭೆಯಲ್ಲಿ ಒಪ್ಪಲಿಲ್ಲ. ಆ ದುಡ್ಡಿನಲ್ಲಿ ವಾರ್ಡಿಗೊಂದು ಸಿಸಿ ರಸ್ತೆ ತುಂಡು ಕೇಳಿದರು." ನಡಾವಳಿ ಪುಸ್ತಕ ತೆಗೆದು ನೋಡಿದರೆ ನಿಜ. ಮೆಕ್ಯಾನಿಕ್ ಯಾರ ಕಡೆಯವನು ಅನ್ನುವುದೂ ಆಗಲೇ ಹೊರಗೆ ಬಂತು. ಒಬ್ಬ ಸದಸ್ಯರ ಭಾಮೈದ. ಅವನನ್ನು ಬದಲಿಸಲು ಪಿಡಿಒಗೆ ಧೈರ್ಯ ಇರಲಿಲ್ಲ.

ಇಲ್ಲಿ ಕಥೆ ತಿರುವು ಪಡೆಯುತ್ತದೆ. ಅಧಿಕಾರಿ ಜನಪ್ರತಿನಿಧಿಗೆ ಮೋಸ ಮಾಡುತ್ತಾನೆ ಅನ್ನುವುದು ಸುಲಭದ ಕಥೆ. ಆದರೆ ಜನಪ್ರತಿನಿಧಿಯೂ ಯಾರದೋ ಕೆಲಸ ಒಪ್ಪಿಕೊಂಡವರೇ ಅಲ್ವಾ? ಊರಿನವರು ಒಪ್ಪಿಸಿದವರು, ಸದಸ್ಯರು ಮಾಡುವವರು. ಸದಸ್ಯರಿಗೆ ಬೇಕಾದದ್ದು ತಮ್ಮ ಹೆಸರಿನ ಬೋರ್ಡು ನಿಲ್ಲಿಸಬಹುದಾದ ರಸ್ತೆ. ಪ್ಯಾನೆಲ್ ಬೋರ್ಡಿಗೆ ಯಾರು ಉದ್ಘಾಟನೆ ಮಾಡುತ್ತಾರೆ? ಮೇಲಿನ ಕೊಂಡಿಯ ಸಮಸ್ಯೆ ಬಿಟ್ಟು ಕೆಳಗಿನ ಕೊಂಡಿಯನ್ನು ಮಾತ್ರ ಬಿಗಿ ಮಾಡಿದರೆ ಏನಾಗುತ್ತದೆ ಅಂತ ಮೊದಲ ನಿಯಮದಲ್ಲೇ ಕಂಡಿತ್ತು.

ಎರಡು ಬದಲಾವಣೆ ಆಯಿತು. ಮೂರು ಕೆಟ್ಟ ಕೊಳವೆಬಾವಿಗೆ ಮಾತ್ರ ಹೊಸ ಪ್ಯಾನೆಲ್, ತಲಾ 10,000 ರೂಪಾಯಿ. ನೀರು ಕೆಳಗಿಳಿದಿದ್ದ ಬಾವಿಗೆ ಟೈಮರ್ ಹಾಕಿ, ಒಂದು ಗಂಟೆ ಓಡಿಸಿ ಒಂದು ಗಂಟೆ ಬಿಡುವುದು. ರಿಲೇ ಟ್ರಿಪ್ ಆದರೆ ನೀರುಗಂಟಿಯನ್ನು ಬೈಯಬಾರದು ಅಂತ ಡಂಗೂರ ಸಾರಿಸಿದರು. ಇದು ಕೇಳಲು ತಮಾಷೆ, ಆದರೆ ಇದಿಲ್ಲದೆ ಇದ್ದಿದ್ದರೆ ಹೊಸ ರಿಲೇಗೂ ವೈರ್ ತುಂಡು ಬೀಳುತ್ತಿತ್ತು.

ಎರಡನೆಯದು ಅಳತೆ. ರೀವೈಂಡಿಂಗ್ ಬಿಲ್ಲು ಎಣಿಸುವ ಬದಲು, ಯಾವ ಬೀದಿಗೆ ಯಾವ ದಿನ ನೀರು ಬಂತು ಅಂತ ಎಣಿಸುವುದು. ಎಣಿಸುವವರು ಯಾರು? ಪಿಡಿಒ ಅಲ್ಲ, ನೀರುಗಂಟಿಯೂ ಅಲ್ಲ. ಪ್ರತಿ ಬೀದಿಯಲ್ಲಿ ಸ್ವಸಹಾಯ ಸಂಘದ ಒಬ್ಬಳು ಹೆಂಗಸು. ಅಂಗನವಾಡಿ ಗೋಡೆಯ ಮೇಲೆ ತಿಂಗಳ ಚೌಕ ಬರೆದಿದ್ದರು. ನೀರು ಬಂದ ದಿನ ಒಂದು ಗೀಟು, ಟ್ಯಾಂಕರ್ ಬಂದರೆ ಒಂದು ಸೊನ್ನೆ. ಟ್ಯಾಂಕರ್ ಬಿಲ್ಲು ಸಹಿಗೆ ಬಂದಾಗ ಅಧ್ಯಕ್ಷರು ಗೋಡೆಯ ಫೋಟೊ ತರಿಸಿ ಸೊನ್ನೆ ಎಣಿಸುತ್ತಿದ್ದರು. ಬಿಲ್ಲು ಬರೆಯುವವರೇ ಬೇರೆ, ಪುರಾವೆ ಬರೆಯುವವರೇ ಬೇರೆ. ಡ್ರೈವರಿನ ಲಾಗ್ ಪುಸ್ತಕದ ತೊಡಕು ಇಲ್ಲಿ ಬಿಡಿಸಿಕೊಂಡಿತು.

ಅಮೆರಿಕದ ಮ್ಯಾಥ್ಯೂ ಮೆಕಬಿನ್ಸ್ ಮತ್ತು ಥಾಮಸ್ ಶ್ವಾರ್ಟ್ಜ್ 1984ರಲ್ಲಿ ಈ ಎರಡು ಬಗೆಗೆ ಹೆಸರಿಟ್ಟರು. ಒಂದು ಪೊಲೀಸ್ ಗಸ್ತು, ಇನ್ನೊಂದು ಬೆಂಕಿಯ ಗಂಟೆ. ಗಸ್ತು ಅಂದರೆ ಜನಪ್ರತಿನಿಧಿ ತಾನೇ ಕಡತ ಕಡತ ತಿರುಗಿಸಿ ತಪ್ಪು ಹುಡುಕುವುದು. ಗಂಟೆ ಅಂದರೆ ತೊಂದರೆ ಆದವರೇ ಬಾರಿಸುವ ಹಾಗೆ ಏರ್ಪಾಡು ಮಾಡಿ, ಬಾರಿಸಿದಾಗ ಹೋಗಿ ನೋಡುವುದು. ಅವರು ಅಮೆರಿಕದ ಸಂಸತ್ತಿನ ಬಗ್ಗೆ ಬರೆದದ್ದು. ನಮ್ಮ ಸಕಾಲ ಕಾಯ್ದೆ ಕೂಡ ಒಂದು ಗಂಟೆಯೇ. ಗಡುವು ಮೀರಿದರೆ ಅರ್ಜಿದಾರ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಆದರೆ ಅದೇ ಕಚೇರಿಗೆ ನಾಳೆ ಮತ್ತೆ ಹೋಗಬೇಕಾದವನು 500 ರೂಪಾಯಿಗಾಗಿ ಗಂಟೆ ಬಾರಿಸುತ್ತಾನಾ? ಗಂಟೆ ಇದ್ದರೆ ಸಾಲದು, ಬಾರಿಸಿದವರಿಗೆ ತೊಂದರೆ ಆಗಬಾರದು. ಗೋಡೆಯ ಮೇಲಿನ ಗೀಟಿಗೆ ಆ ಅನುಕೂಲ ಇತ್ತು. ಅದು ದೂರಲ್ಲ, ಲೆಕ್ಕ. ಯಾರ ವಿರುದ್ಧವೂ ಅಲ್ಲ.

ಇದಕ್ಕೂ ಮಿತಿ ಇದೆ. ಗಂಟೆ ಬಾರಿಸುವುದು ಬಾಯಿ ಇದ್ದವರು. ಊರಾಚೆಯ ಕಾಲೋನಿಯ ಚೌಕ ಎರಡು ತಿಂಗಳು ಖಾಲಿ ಇತ್ತು. ನೀರು ಬರಲಿಲ್ಲ ಅಂತಲ್ಲ, ಅಂಗನವಾಡಿ ದೂರ ಅಂತ ಯಾರೂ ಬರೆದಿರಲಿಲ್ಲ. ಅಲ್ಲಿಗೆ ಅಧ್ಯಕ್ಷರು ತಾವೇ ಹೋಗಿ ನೋಡಬೇಕಾಯಿತು. ಅಂದರೆ ಅಲ್ಲಿ ಗಸ್ತೇ ಬೇಕಿತ್ತು. ನೀರು ಬಂದದ್ದು ಕಣ್ಣಿಗೆ ಕಾಣುತ್ತದೆ, ಹಾಗೆ ಕಾಣದ ಕೆಲಸಕ್ಕೂ ಗಂಟೆ ನಡೆಯುವುದಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಬೀದಿಯ ಹೆಂಗಸಿಗೆ ನಾಲಿಗೆಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಪರೀಕ್ಷೆ ಮಾಡಿಸಲೇಬೇಕು.

ಆ ವರ್ಷದ ಲೆಕ್ಕ: ರೀವೈಂಡಿಂಗ್ 9, ಅಂದರೆ 1.35 ಲಕ್ಷ. ಟ್ಯಾಂಕರ್ 95 ಲೋಡು, 57,000. ಪ್ಯಾನೆಲ್ 30,000. ಒಟ್ಟು 2.22 ಲಕ್ಷ. ರೀವೈಂಡಿಂಗ್ ಹಿಂದಿನ ವರ್ಷಕ್ಕಿಂತ ಒಂದು ಜಾಸ್ತಿಯೇ ಆಗಿದೆ ಅನ್ನುವುದನ್ನು ಗಮನಿಸಿ. ಬರೀ ಆ ಒಂದು ಸಂಖ್ಯೆ ನೋಡುವ ಮೇಲಧಿಕಾರಿ ಇದ್ದಿದ್ದರೆ ಪಿಡಿಒಗೆ ನೋಟಿಸು ಬರುತ್ತಿತ್ತು.

ಭಾಮೈದ ಮೆಕ್ಯಾನಿಕ್ ಏನಾದ? ಅವನೇ ಮುಂದುವರಿದ. ತಾಮ್ರ ತಂದುಕೊಡುತ್ತಾನೆ, ಗ್ಯಾರಂಟಿ ಬರೆದುಕೊಡುತ್ತಾನೆ, ಕೆಲಸವೂ ಪರವಾಗಿಲ್ಲ. ಅವನನ್ನು ತೆಗೆಯಲೇಬೇಕು ಅಂತ ಇಬ್ಬರು ಸದಸ್ಯರು ಹಠ ಹಿಡಿದಿದ್ದರು. ಅವರ ಕೈಯಲ್ಲೂ ಒಬ್ಬ ಮೆಕ್ಯಾನಿಕ್ ಇದ್ದ.

30 ತಿಂಗಳು ಮುಗಿಯಿತು, ಮೀಸಲಾತಿ ಬದಲಾಯಿತು, ಹೊಸ ಅಧ್ಯಕ್ಷರು ಬಂದರು. ಪಿಡಿಒ ಅದಕ್ಕೂ ಮೊದಲೇ ಬೇರೆ ತಾಲ್ಲೂಕಿಗೆ ವರ್ಗವಾಗಿದ್ದರು. ಅಂಗನವಾಡಿಗೆ ಹೊಸ ಬಣ್ಣ ಹೊಡೆಯುವಾಗ ಚೌಕ ಅಳಿಸಿಹೋಯಿತು. ಎರಡು ಬೀದಿಯ ಹೆಂಗಸರು ಮಾತ್ರ ಈಗಲೂ ಮನೆಯ ಕ್ಯಾಲೆಂಡರಿನ ಮೇಲೆ ಗೀಟು ಹಾಕುತ್ತಾರೆ. ಹೊಸ ಅಧ್ಯಕ್ಷರ ಡಾಂಗಲ್ ಎಲ್ಲಿದೆ ಅಂತ ವಿಚಾರಿಸಿದೆ. ಡಾಟಾ ಎಂಟ್ರಿ ಆಪರೇಟರ್ ಡ್ರಾಯರ್ ಎಳೆದು ತೋರಿಸಿದ.